ಎರಡೂವರೆಯ ತಕರಾರು

ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹುಡುಗಿಯೊಬ್ಬಳು ನಡೆಯುತ್ತಿದ್ದಾಳೆ. ಒಂದು ವಿಡಿಯೊ ಗೇಮಿಗಾಗಿ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಆ ನಡಿಗೆಯನ್ನು ರೂಪಿಸಿದ ಆನಿಮೇಟರ್ ಅದರ ಒಂದೊಂದು ಅಂಶಕ್ಕೂ ಬೆವರು ಸುರಿಸಿದ್ದಾರೆ: ಭಾರಕ್ಕೆ ಒಂದು ಕಡೆ ವಾಲಿದ ಸೊಂಟ, ಅದನ್ನು ಸರಿದೂಗಿಸಲು ಇನ್ನೊಂದು ಕಡೆ ಚಾಚಿದ ಕೈ, ನೀರು ತುಳುಕದ ಹಾಗೆ ಮೆತ್ತಗೆ ಊರುವ ಹಿಮ್ಮಡಿ. ಬ್ಲೆಂಡರಿನೊಳಗೆ ಎಲ್ಲವೂ ಚೆನ್ನ. ಅದೇ ಕಡತವನ್ನು ಗೇಮ್ ಎಂಜಿನ್ನಿಗೆ ತಂದರೆ ಹುಡುಗಿ ಕೊಡದ ಸಮೇತ ಓಟ ಕೀಳುತ್ತಾಳೆ. ಪ್ರೋಗ್ರಾಮರ್ ಏನೋ ತಿದ್ದಿ ವೇಗ ಇಳಿಸುತ್ತಾರೆ. ಈಗ ವೇಗ ಸರಿಹೋಯಿತು, ಆದರೆ ಹುಡುಗಿಯ ಮೈ ಸಣ್ಣಗೆ ಜರ್ಕು ಹೊಡೆಯುತ್ತದೆ, ಕಾಲು ನೆಲದ ಮೇಲೆ ಜಾರುತ್ತದೆ. ಕಂಪ್ಯೂಟರ್ ಸಾಲುತ್ತಿಲ್ಲ ಎಂದು ಒಬ್ಬರು, ಆನಿಮೇಶನ್ನೇ ಸರಿಯಿಲ್ಲ ಎಂದು ಇನ್ನೊಬ್ಬರು ದೂರುತ್ತಾರೆ.

ಸಾಮಾನ್ಯವಾಗಿ ಇಬ್ಬರ ಮಾತೂ ಸುಳ್ಳು. ಹುಡುಗಿಯ ನಡಿಗೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಹುಟ್ಟಿದೆ. ಎಂಜಿನ್ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತದೆ. ಅರವತ್ತನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಓಟಕ್ಕೆ ಕಾರಣವೂ ಈ ಎರಡೂವರೆ, ಜರ್ಕಿಗೆ ಕಾರಣವೂ ಇದೇ. ಆದರೆ ಇವು ಎರಡು ಬೇರೆ ಬೇರೆ ದೋಷಗಳು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡವರು ದಿನಗಟ್ಟಲೆ ತಡಕಾಡುತ್ತಾರೆ.

24 ಎಂಬುದು ಸಿನಿಮಾದ ಸಂಖ್ಯೆ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾಮನ್ ಕೈಯಿಂದ ಹಿಡಿಕೆ ತಿರುಗಿಸುತ್ತಿದ್ದ. ಸೆಕೆಂಡಿಗೆ 16 ಫ್ರೇಮು ಆಯಿತು, 20 ಆಯಿತು, ಕೈ ಓಡಿದಷ್ಟು. ಹೀಗೆ ತೆಗೆದ ಚಿತ್ರಗಳನ್ನು ಮುಂದೆ 24ರ ಯಂತ್ರದಲ್ಲಿ ಓಡಿಸಿದ್ದರಿಂದಲೇ ಹಳೆಯ ಮೂಕಿ ಚಿತ್ರಗಳಲ್ಲಿ ಜನ ಪಟಪಟನೆ ಓಡಾಡುವಂತೆ ಕಾಣುವುದು. ನಮ್ಮ ಹುಡುಗಿಯ ಓಟದ ಹಿಂದಿರುವುದೂ ಇದೇ ಲೆಕ್ಕ. 1920ರ ದಶಕದ ಕೊನೆಗೆ ಮಾತು ಬಂದಾಗ ಸಡಿಲವಾದ ವೇಗ ನಡೆಯದಾಯಿತು. ಚಿತ್ರ ತುಸು ವೇಗ ಹೆಚ್ಚಿಸಿದರೂ ನಾಯಕನ ದನಿ ಕೀರಲಾಗುತ್ತಿತ್ತು. ಹಾಗಾಗಿ 24 ಗಟ್ಟಿಯಾಯಿತು. ಸಿನಿಮಾದ ಜೊತೆಗೇ ಬೆಳೆದ ಆನಿಮೇಶನ್ ಕೂಡ ಅದನ್ನೇ ಹಿಡಿಯಿತು. ಇಂದಿಗೂ ಬ್ಲೆಂಡರಿನಲ್ಲಿ ಹೊಸ ಕಡತ ತೆರೆದರೆ ಕೇಳದೆಯೇ ಸಿಗುವ ವೇಗ 24. ಮಾಯಾ ತಂತ್ರಾಂಶದಲ್ಲೂ ಅಷ್ಟೇ.

60 ಎಂಬುದು ತೆರೆಯ ಸಂಖ್ಯೆ. ಸಾಧಾರಣ ಮಾನಿಟರ್ ಸೆಕೆಂಡಿಗೆ 60 ಸಲ ತನ್ನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಗೇಮ್ ಎಂಜಿನ್ ಆ ಒಂದೊಂದು ಸಲಕ್ಕೂ ಲೋಕವನ್ನೆಲ್ಲ ಲೆಕ್ಕ ಹಾಕಿ ಹೊಸ ಚಿತ್ರ ಕೊಡಲು ನೋಡುತ್ತದೆ. ಈ ಒಂದು ಸುತ್ತಿನ ಕೆಲಸಕ್ಕೆ ಟಿಕ್ ಎನ್ನೋಣ. ಒಂದು ಟಿಕ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. 24ರ ಒಂದು ಫ್ರೇಮು ಎಂದರೆ ಸುಮಾರು 41.7 ಮಿಲಿಸೆಕೆಂಡ್.

ಮೊದಲು ಓಟದ ಕಾಯಿಲೆ. ಆನಿಮೇಶನ್ ಓಡಿಸುವ ಕೋಡನ್ನು ಅವಸರದಲ್ಲಿ ಬರೆದರೆ ಹೀಗಿರುತ್ತದೆ:

```
frame = frame + 1
```

ಪ್ರತಿ ಟಿಕ್ಕಿಗೆ ಒಂದು ಫ್ರೇಮು ಮುಂದೆ. ನೋಡಲು ಏನೂ ತಪ್ಪಿಲ್ಲ. ಆದರೆ ಇಲ್ಲಿ ಕಾಲ ಎಂಬುದೇ ಇಲ್ಲ, ಬರೀ ಎಣಿಕೆಯಿದೆ. ಒಂದು ಸೆಕೆಂಡಿನ ನಡಿಗೆ 24 ಟಿಕ್ಕಿನಲ್ಲಿ, ಅಂದರೆ 0.4 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಹುಡುಗಿ ಎರಡೂವರೆ ಪಟ್ಟು ವೇಗದಲ್ಲಿ ಓಡುತ್ತಾಳೆ. ಅದೇ ಆಟವನ್ನು 120ರ ತೆರೆಯ ಮೇಲೆ ಹಾಕಿದರೆ ಐದು ಪಟ್ಟು. ಕಂಪ್ಯೂಟರ್ ಸುಸ್ತಾಗಿ 30ಕ್ಕೆ ಇಳಿದರೆ ಅವಳೂ ಅಷ್ಟೇ ಇಳಿಯುತ್ತಾಳೆ. ಯಂತ್ರದಿಂದ ಯಂತ್ರಕ್ಕೆ ವೇಗ ಬದಲಾದರೆ ಅನುಮಾನವೇ ಬೇಡ, ಎಲ್ಲೋ ಕಾಲದ ಬದಲು ಟಿಕ್ಕನ್ನು ಎಣಿಸುತ್ತಿದ್ದಾರೆ. ಸರಿಯಾದ ದಾರಿಯೂ ಉದ್ದವೇನಲ್ಲ:

```
t = t + delta
frame = t * 24
```

ಇಲ್ಲಿ `delta` ಎಂದರೆ ಹಿಂದಿನ ಟಿಕ್ಕಿನಿಂದ ಈಚೆಗೆ ಕಳೆದ ಸೆಕೆಂಡು. ಮೊದಲು ಕಾಲವನ್ನು ಕೂಡಿಸಿಕೊಂಡು, ಆಮೇಲೆ ಆ ಕಾಲಕ್ಕೆ ಯಾವ ಫ್ರೇಮು ಸಲ್ಲುತ್ತದೆ ಎಂದು ಕೇಳುವುದು. ಒಂದು ಸೆಕೆಂಡು ಯಾವ ತೆರೆಯಲ್ಲೂ ಒಂದೇ ಸೆಕೆಂಡು.

ಇಷ್ಟು ಬಹುತೇಕ ಪ್ರೋಗ್ರಾಮರುಗಳಿಗೆ ಗೊತ್ತು. ಹಾಗಿದ್ದೂ ಓಟ ಕಾಣಿಸಿಕೊಳ್ಳುವುದು ಇದೇ ದೋಷ ವೇಷ ಮರೆಸಿಕೊಂಡು ಬಂದಾಗ. ಆಟ 60ರಲ್ಲಿ ಓಡುತ್ತದೆ ಎಂದು ತಿಳಿದ ಆನಿಮೇಟರ್, ಕೆಲಸವೆಲ್ಲ ಮುಗಿದ ಮೇಲೆ ಬ್ಲೆಂಡರಿನ ಸೆಟ್ಟಿಂಗಿಗೆ ಹೋಗಿ 24 ಇದ್ದಲ್ಲಿ 60 ಎಂದು ಬರೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬ್ಲೆಂಡರ್ ಕೀಫ್ರೇಮುಗಳನ್ನು ಫ್ರೇಮಿನ ಸಂಖ್ಯೆಗೆ ಅಂಟಿಸಿ ಇಟ್ಟಿರುತ್ತದೆ. 25ನೆಯ ಫ್ರೇಮಿನಲ್ಲಿದ್ದ ಭಂಗಿ 25ರಲ್ಲೇ ಉಳಿಯುತ್ತದೆ, 25ನೆಯ ಫ್ರೇಮು ಮಾತ್ರ ಮೊದಲಿಗಿಂತ ಬೇಗ ಬರುತ್ತದೆ. ನಡಿಗೆ ಅಲ್ಲೇ ಎರಡೂವರೆ ಪಟ್ಟು ವೇಗವಾಗಿಬಿಡುತ್ತದೆ. ಕಡತ ಆ ತಪ್ಪನ್ನು ಪ್ರಾಮಾಣಿಕವಾಗಿ ಎಂಜಿನ್ನಿಗೆ ಹೊತ್ತು ತರುತ್ತದೆ. ಸಂಖ್ಯೆ ಬದಲಿಸಲೇಬೇಕೆಂದರೆ ಕೀಗಳನ್ನೂ ಹಿಗ್ಗಿಸಬೇಕು: ಮೊದಲ ಫ್ರೇಮಿನ ಮೇಲೆ ನಿಂತು, ಎಲ್ಲ ಕೀಗಳನ್ನೂ ಆಯ್ದು, S ಒತ್ತಿ 2.5 ಎಂದು ಕೊಟ್ಟರೆ 1ರಿಂದ 25ರವರೆಗಿದ್ದ ನಡಿಗೆ 1ರಿಂದ 61ಕ್ಕೆ ಚಾಚಿಕೊಳ್ಳುತ್ತದೆ.

ಕೈಯಿಂದ ಬಿಡಿಸಿದ ಚಿತ್ರಗಳಲ್ಲಿ ವೇಷ ಬೇರೆ. ಯೂನಿಟಿ ಎಂಜಿನ್ನಿನ ಆನಿಮೇಶನ್ ಕಿಟಕಿಯಲ್ಲಿ ಹೊಸ ಕ್ಲಿಪ್ ತೆರೆದರೆ ಅದರ ಅಳತೆ ಸೆಕೆಂಡಿಗೆ 60. ಅಲ್ಲಿ 24 ಚಿತ್ರಗಳನ್ನು ಒಂದರ ಪಕ್ಕ ಒಂದು ಸುರಿದರೆ ಒಂದೊಂದು ಗೆರೆಗೆ ಒಂದೊಂದು ಚಿತ್ರ ಕೂರುತ್ತದೆ. ಮತ್ತದೇ 0.4 ಸೆಕೆಂಡು. ಕ್ಲಿಪ್ಪಿನ ಅಳತೆಯನ್ನು 24 ಮಾಡಿದರೆ ಮುಗಿಯಿತು. ಇನ್ನು ದೇಹಚಲನೆಯನ್ನು ಸೆರೆಹಿಡಿದು ತರುವ ಬಿವಿಎಚ್ ಕಡತಗಳಿವೆ. ಅವು ಬರೀ ಅಕ್ಷರಗಳ ಕಡತಗಳಾದ್ದರಿಂದ ಯಾರು ಬೇಕಾದರೂ ತೆರೆದು ನೋಡಬಹುದು. ಚಲನೆಯ ಅಂಕಿಗಳು ಶುರುವಾಗುವ ಮುನ್ನ ಈ ಸಾಲು ಇರುತ್ತದೆ:

```
Frame Time: 0.0416667
```

ಒಂದು ಫ್ರೇಮಿಗೆ ಇಷ್ಟು ಸೆಕೆಂಡು, ಅಂದರೆ 24. ಓದುವ ತಂತ್ರಾಂಶ ಈ ಸಾಲನ್ನು ಲೆಕ್ಕಿಸದೆ ತನ್ನದೇ 30ರ ಅಂದಾಜಿನಲ್ಲಿ ಓಡಿಸಿದರೆ ನಡಿಗೆ ಕಾಲುಪಟ್ಟು ವೇಗವಾಗುತ್ತದೆ. ಕಾಲುಪಟ್ಟು ಎಂಬುದು ತುಂಬ ಕಳ್ಳ ಸಂಖ್ಯೆ. ಎರಡೂವರೆ ಪಟ್ಟಾದರೆ ಮಗುವಿಗೂ ಕಾಣುತ್ತದೆ. ಕಾಲುಪಟ್ಟಾದರೆ ‘ಯಾಕೋ ಹುಡುಗಿಗೆ ಅವಸರ’ ಎಂದಷ್ಟೇ ಅನ್ನಿಸಿ ಆಟ ಬಿಡುಗಡೆಯೇ ಆಗಿಹೋಗಬಹುದು.

ಇದನ್ನು ಹಿಡಿಯಲು ಕೈಗಡಿಯಾರ ಸಾಕು. ಒಂದು ಸೆಕೆಂಡಿನ ನಡಿಗೆಯನ್ನು ಹತ್ತು ಸಲ ಓಡಲು ಬಿಟ್ಟು ಎಷ್ಟು ಹೊತ್ತಾಯಿತು ನೋಡಿ. 10 ಸೆಕೆಂಡಾದರೆ ಸರಿ. 4 ಸೆಕೆಂಡಾದರೆ 24ನ್ನು 60 ಎಂದು ಓದಲಾಗಿದೆ. 8 ಆದರೆ 30 ಎಂದು ಓದಲಾಗಿದೆ. ಹತ್ತಕ್ಕೆ ಹತ್ತಿರವಿದ್ದೂ ಸರಿಯಾಗಿ ಹತ್ತಾಗದಿದ್ದರೆ, 9.6 ಅಥವಾ 10.4 ಬಂದರೆ, ಅದು ವೇಗದ ದೋಷವಲ್ಲ. ನಡಿಗೆಯ ಕೊನೆ ಮೊದಲಿಗೆ ಸೇರುವಲ್ಲಿ ಒಂದು ಫ್ರೇಮು ಕಳೆದಿದೆ ಇಲ್ಲವೇ ಹೆಚ್ಚಾಗಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಜರ್ಕು. ವೇಗ ಸರಿಹೋದ ಮೇಲೆ ಉಳಿಯುವ ಪ್ರಶ್ನೆ ಇದು: 24 ಫ್ರೇಮುಗಳನ್ನು 60 ಟಿಕ್ಕುಗಳಿಗೆ ಹಂಚಬೇಕು, ಒಂದೊಂದು ಫ್ರೇಮಿಗೆ ಎರಡೂವರೆ ಟಿಕ್. ಆದರೆ ಅರ್ಧ ಟಿಕ್ ಎಂಬುದಿಲ್ಲ. ಐದು ಲಾಡುಗಳನ್ನು ಮುರಿಯದೆ ಇಬ್ಬರು ಮಕ್ಕಳಿಗೆ ಕೊಟ್ಟ ಹಾಗೆ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಎರಡು. ಮೊದಲ ಫ್ರೇಮು 50 ಮಿಲಿಸೆಕೆಂಡ್ ನಿಲ್ಲುತ್ತದೆ, ಎರಡನೆಯದು 33, ಮೂರನೆಯದು 50, ನಾಲ್ಕನೆಯದು 33. ಸರಾಸರಿ ಸರಿ, ಒಟ್ಟು ಕಾಲವೂ ಸರಿ. ಆದರೆ ಒಂದೇ ಸಮನೆ ಸಾಗಬೇಕಾದ ಕೊಡ ತಡೆದು ತಡೆದು ಸಾಗುತ್ತದೆ. ನಿಧಾನವಾದ, ಅಡ್ಡಡ್ಡ ಸಾಗುವ ಚಲನೆಯಲ್ಲಿ ಕಣ್ಣು ಇದನ್ನು ತಟ್ಟನೆ ಗುರುತಿಸುತ್ತದೆ.

ಇದು ಗೇಮಿನವರು ಮೊದಲು ಕಂಡ ಸಂಕಟವಲ್ಲ. ಟಿವಿಯವರು ದಶಕಗಳ ಹಿಂದೆಯೇ ಇದನ್ನು ಎದುರಿಸಿದ್ದರು. ಅಮೆರಿಕದ ಟಿವಿ ಸೆಕೆಂಡಿಗೆ ಹೆಚ್ಚುಕಡಿಮೆ 60 ಸಲ ಮಿನುಗುತ್ತಿತ್ತು. ಅಲ್ಲಿ 24ರ ಸಿನಿಮಾ ತೋರಿಸಲು ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುವ ಉಪಾಯ ಹೂಡಿದರು. ಭಾರತದಂತೆ ಪಾಲ್ ಪದ್ಧತಿ ಅನುಸರಿಸಿದ ದೇಶಗಳಲ್ಲಿ ಟಿವಿಯ ಲೆಕ್ಕ 50. ಐವತ್ತಕ್ಕೆ 25 ಚೆನ್ನಾಗಿ ಕೂರುತ್ತದೆ, 24ಕ್ಕೂ 25ಕ್ಕೂ ದೂರವಿಲ್ಲ. ಹಾಗಾಗಿ ಈ ಪದ್ಧತಿಯಲ್ಲಿ ಸಿನಿಮಾವನ್ನೇ ತುಸು ವೇಗ ಹೆಚ್ಚಿಸಿ 25ರಲ್ಲಿ ಓಡಿಸುವುದು ರೂಢಿಯಾಯಿತು. ಎರಡೂವರೆ ಗಂಟೆಯ ಚಿತ್ರ ಹೀಗೆ 6 ನಿಮಿಷ ಮುಂಚೆ ಮುಗಿಯುತ್ತದೆ, ಹಾಡುಗಳ ಶ್ರುತಿಯೂ ಕೂದಲೆಳೆಯಷ್ಟು ಮೇಲೇರುತ್ತದೆ. ಅಂದರೆ ಒಂದು ಖಂಡ ಜರ್ಕನ್ನು ಆರಿಸಿಕೊಂಡಿತು, ನಾವು ವೇಗವನ್ನು ಆರಿಸಿಕೊಂಡೆವು. ಗೇಮ್ ಎಂಜಿನ್ನಿನಲ್ಲಿ ಇವತ್ತು ಕಾಣುವ ಎರಡು ದೋಷಗಳನ್ನು ಅಂದು ಎರಡು ಪರಿಹಾರಗಳೆಂದು ಕರೆಯುತ್ತಿದ್ದರು.

ಚಿತ್ರಮಂದಿರದಲ್ಲಿ ಅದೇ 24 ಯಾಕೆ ಚೆನ್ನಾಗಿ ಕಾಣುತ್ತದೆ ಎಂದು ಕೇಳಬಹುದು. ಅಲ್ಲಿ ಪ್ರತಿ ಫ್ರೇಮಿಗೂ ಸಮಾನ ಹೊತ್ತು, ಮೂರು-ಎರಡರ ಪಕ್ಷಪಾತವಿಲ್ಲ. ಜೊತೆಗೆ ಸಿನಿಮಾ ಕ್ಯಾಮೆರಾದ ಕಣ್ಣು ಒಂದೊಂದು ಫ್ರೇಮಿಗೂ ಸಾಮಾನ್ಯವಾಗಿ ಸೆಕೆಂಡಿನ 48ನೆಯ ಒಂದು ಭಾಗ ತೆರೆದಿರುವುದರಿಂದ ಓಡುವ ವಸ್ತು ತುಸು ಮಸುಕಾಗಿ ಮೂಡುತ್ತದೆ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ದಾಟಲು ಕಣ್ಣಿಗೆ ಆ ಮಸುಕು ಸೇತುವೆಯಾಗುತ್ತದೆ. ಗೇಮಿನ ಚಿತ್ರ ಬೇಡವೆಂದರೂ ಗಾಜಿನಷ್ಟು ಸ್ಪಷ್ಟ.

ಗೇಮಿನಲ್ಲಿ ಇನ್ನೂ ಒಂದು ತೊಡಕಿದೆ. ಸಿನಿಮಾದಲ್ಲಿ ಹುಡುಗಿಯೂ ರಸ್ತೆಯೂ ಕ್ಯಾಮೆರಾವೂ ಒಂದೇ 24ರಲ್ಲಿ ಸಾಗುತ್ತವೆ. ಗೇಮಿನಲ್ಲಿ ಹುಡುಗಿಯ ಭಂಗಿ ಮಾತ್ರ 24ರದ್ದು. ಅವಳನ್ನು ಮುಂದೆ ಸರಿಸುವುದು ಕೋಡು, ಅದು 60ರಲ್ಲಿ. ಆನಿಮೇಟರ್ ನಡಿಗೆಯನ್ನು ನಿಂತಲ್ಲೇ ಮಾಡಿರುತ್ತಾರೆ. ಊರಿದ ಕಾಲು ಹಿಂದಕ್ಕೆ ಸರಿಯುತ್ತದೆ, ಕೋಡು ದೇಹವನ್ನು ಅಷ್ಟೇ ಮುಂದಕ್ಕೆ ಸರಿಸುತ್ತದೆ, ಒಂದನ್ನೊಂದು ಕಳೆದು ಕಾಲು ನೆಲದ ಮೇಲೆ ನಿಂತ ಹಾಗೆ ಕಾಣುತ್ತದೆ. ಹುಡುಗಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾಳೆ ಎನ್ನಿ. ಕೋಡು ಪ್ರತಿ ಟಿಕ್ಕಿಗೆ ಅವಳನ್ನು 2 ಸೆಂಟಿಮೀಟರ್ ಮುಂದೊಯ್ಯುತ್ತದೆ. ಆದರೆ ಭಂಗಿ ಮೂರು ಟಿಕ್ ಕಾಲ ಬದಲಾಗಿಲ್ಲ. ಊರಿದ ಕಾಲು ದೇಹದ ಜೊತೆಗೇ 4 ಸೆಂಟಿಮೀಟರ್ ಮುಂದೆ ಜಾರಿ, ಮುಂದಿನ ಭಂಗಿ ಬಂದೊಡನೆ ಛಕ್ಕನೆ ಹಿಂದೆ ಹಾರುತ್ತದೆ. ಸೆಕೆಂಡಿಗೆ 24 ಸಲ ಹೀಗೆ. ಕಾಲಿನ ಈ ನಡುಕವನ್ನು ನೋಡಿ ಅನೇಕರು ಭೌತಶಾಸ್ತ್ರದ ಕೋಡನ್ನು ಬಿಚ್ಚಿ ಕೂರುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ.

ಮೂರು ಆಯಾಮದ ಬೊಂಬೆಯಾದರೆ ಇದಕ್ಕೆ ಮದ್ದು ಎಂಜಿನ್ನಿನಲ್ಲೇ ಇದೆ. ಬೊಂಬೆಯ ಒಳಗಿನ ಮೂಳೆಗಳ ಕೋನಗಳು ಅಂಕಿಗಳಾಗಿರುವುದರಿಂದ ಎರಡು ಫ್ರೇಮುಗಳ ನಡುವಿನ ಭಂಗಿಯನ್ನು ಲೆಕ್ಕ ಹಾಕಿ ತುಂಬಬಹುದು. ಒಂದು ಟಿಕ್ಕಿಗೆ 24ರ ಲೆಕ್ಕದಲ್ಲಿ 0.4 ಫ್ರೇಮು ಸರಿಯುತ್ತದೆ. ಎಂಜಿನ್ 0, 0.4, 0.8, 1.2, 1.6, 2 ಎಂದು ಕೇಳುತ್ತ ಹೋಗುತ್ತದೆ, ಪ್ರತಿ ಸಲವೂ ಹೊಸ ಭಂಗಿ ಸಿಗುತ್ತದೆ. ಯೂನಿಟಿ, ಅನ್‌ರಿಯಲ್, ಗೋಡೊ ಮೂರೂ ಇದನ್ನು ತಾವಾಗಿಯೇ ಮಾಡುತ್ತವೆ. ಆಗದಿದ್ದರೆ ಯಾರೋ ದಶಮಾಂಶವನ್ನು ಕತ್ತರಿಸಿ ಪೂರ್ಣಾಂಕ ಮಾಡಿದ್ದಾರೆ, ಇಲ್ಲವೇ ಕೀಗಳ ನಡುವೆ ತುಂಬುವ ವಿಧಾನವನ್ನು ಮೆಟ್ಟಿಲಿನಂತೆ ಇಟ್ಟಿದ್ದಾರೆ ಎಂದರ್ಥ.

ಆದರೆ ಮೇಲಿನ ಆ ಸಾಲನ್ನು ಇನ್ನೊಮ್ಮೆ ನೋಡಿ. 0 ಇದೆ, 2 ಇದೆ. 1 ಇಲ್ಲ. ಮುಂದುವರಿಸಿದರೆ 4 ಬರುತ್ತದೆ, 6 ಬರುತ್ತದೆ. 3, 5, 7 ಬರುವುದೇ ಇಲ್ಲ. ಸೊನ್ನೆಯಿಂದ ಶುರುವಾದ ಆನಿಮೇಶನ್ನಿನಲ್ಲಿ ಬೆಸ ಸಂಖ್ಯೆಯ ಒಂದು ಫ್ರೇಮೂ ಇದ್ದ ಹಾಗೆ ತೆರೆಯ ಮೇಲೆ ಕಾಣುವುದಿಲ್ಲ. ಅದರ ತುಸು ಮುಂಚಿನದು, ತುಸು ಆಚಿನದು ಮಾತ್ರ ಕಾಣುತ್ತವೆ. ನಡಿಗೆಗೆ ಇದರಿಂದ ನಷ್ಟವಿಲ್ಲ. ಹೊಡೆತಕ್ಕೆ ಇದೆ. ಗುದ್ದುವ ಕೈ 6ನೆಯ ಫ್ರೇಮಿನಿಂದ 7ಕ್ಕೆ ಅರ್ಧ ಮೀಟರ್ ಮುನ್ನುಗ್ಗಿ, 7ರಲ್ಲಿ ಎದುರಾಳಿಯ ದವಡೆಗೆ ತಾಗಿ, 8ರಲ್ಲಿ ಹಿಂದೆ ಬರುತ್ತದೆ ಎಂದಿಟ್ಟುಕೊಳ್ಳಿ. ಬಟನ್ ಒತ್ತಿದ ಟಿಕ್ಕಿನಿಂದಲೇ ಗುದ್ದು ಶುರುವಾದರೆ ಎಂಜಿನ್ ತೋರಿಸುವುದು 6.8 ಮತ್ತು 7.2. ಮೊದಲನೆಯದರಲ್ಲಿ ಕೈ 40 ಸೆಂಟಿಮೀಟರ್ ಮಾತ್ರ ಹೋಗಿದೆ, ದವಡೆ ಇನ್ನೂ 10 ಸೆಂಟಿಮೀಟರ್ ದೂರ. ಎರಡನೆಯದರಲ್ಲಿ ಆಗಲೇ ಹಿಂದೆ ಸರಿಯುತ್ತಿದೆ. ತಾಗಿದ್ದು ಯಾರಿಗೂ ಕಾಣಲಿಲ್ಲ. ಬ್ಲೆಂಡರಿನಲ್ಲಿ ಘಟ್ಟಿಸುವಂತಿದ್ದ ಗುದ್ದು ಗೇಮಿನಲ್ಲಿ ಗಾಳಿಗೆ ಬೀಸಿದಂತಿದೆ ಎಂದು ಆನಿಮೇಟರ್ ಗೊಣಗುವುದು ಸುಮ್ಮನಲ್ಲ.

ಬ್ಲೆಂಡರಿನಿಂದ ಎಫ್‌ಬಿಎಕ್ಸ್ ಕಡತ ತೆಗೆಯುವಾಗ `Sampling Rate` ಎಂಬ ಅಂಕಿಯಿದೆ. ಅದನ್ನು 1ರಿಂದ 0.4ಕ್ಕೆ ಇಳಿಸಿದರೆ ಫ್ರೇಮಿನ ಒಳಗಿನ ಭಂಗಿಗಳೂ ಸೇರಿ ಸೆಕೆಂಡಿಗೆ 60 ಮಾದರಿ ಕಡತಕ್ಕೆ ಬರುತ್ತವೆ. ಆನಿಮೇಟರ್ ಎಳೆದ ವಕ್ರರೇಖೆಯ ನಯ ಉಳಿಯುತ್ತದೆ, ಎಂಜಿನ್ ನೇರ ಗೆರೆ ಎಳೆದು ತುಂಬುವುದು ತಪ್ಪುತ್ತದೆ. ಆದರೆ ಗುದ್ದಿನ ತೊಂದರೆಗೆ ಇದು ಉತ್ತರವಲ್ಲ, ಏಕೆಂದರೆ 7ನೆಯ ಫ್ರೇಮು ಹದಿನೇಳೂವರೆಯ ಟಿಕ್ಕಿನಲ್ಲಿದೆ, ಆ ಅರ್ಧ ಟಿಕ್ ಯಾವ ಸೆಟ್ಟಿಂಗಿನಿಂದಲೂ ಹುಟ್ಟುವುದಿಲ್ಲ. ಉತ್ತರ ಆನಿಮೇಟರ್ ಕೈಯಲ್ಲಿದೆ: ತಾಗುವ ಭಂಗಿಯನ್ನು ಸಮಸಂಖ್ಯೆಯ ಫ್ರೇಮಿಗೆ ಸರಿಸುವುದು, ಅಥವಾ ಆ ಭಂಗಿಯನ್ನು ಎರಡು ಫ್ರೇಮು ಹಿಡಿದು ನಿಲ್ಲಿಸುವುದು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಟಿಕ್ ಸ್ವಲ್ಪ ಹಿಂದುಮುಂದಾದರೂ ಅದು ಕೈಕೊಡುವುದಿಲ್ಲ, ಹೊಡೆತಕ್ಕೂ ತೂಕ ಬರುತ್ತದೆ.

ನಡಿಗೆ ಸುತ್ತಿ ಸುತ್ತಿ ಬರುವ ಜಾಗದ ತೊಂದರೆಗೆ ಈಗ ಬರೋಣ. 24 ಫ್ರೇಮಿನ ನಡಿಗೆಯನ್ನು ಆನಿಮೇಟರುಗಳು 1ರಿಂದ 25ರವರೆಗೆ ಮಾಡಿ, 25ರಲ್ಲಿ 1ರ ಭಂಗಿಯನ್ನೇ ಮತ್ತೆ ಇಡುತ್ತಾರೆ. ಮೂಳೆಯ ಬೊಂಬೆಯನ್ನು ಕಾಲದ ಲೆಕ್ಕದಲ್ಲಿ ಓಡಿಸುವ ಎಂಜಿನ್ನಿಗೆ ಈ 25 ಬೇಕೇ ಬೇಕು. ಅದನ್ನು ಬಿಟ್ಟು 24ಕ್ಕೇ ನಿಲ್ಲಿಸಿದರೆ ಕೊನೆಯ ಹೆಜ್ಜೆಯ ತುಣುಕೊಂದು ಕಾಣೆಯಾಗಿ ಪ್ರತಿ ಸುತ್ತಿಗೂ ಒಂದು ಎಗರು ಬರುತ್ತದೆ. ಹತ್ತು ಸುತ್ತು 9.6 ಸೆಕೆಂಡಿಗೆ ಮುಗಿಯುವುದು ಹೀಗೆ. ಬಿಡಿಸಿದ ಚಿತ್ರಗಳ ಸಾಲಾದರೆ ಇದರ ತದ್ವಿರುದ್ಧ: 25ನೆಯ ಚಿತ್ರವನ್ನೂ ಹಾಕಿದರೆ ಒಂದೇ ಭಂಗಿ ಎರಡು ಸಲ ಬಂದು ಹುಡುಗಿ ಪ್ರತಿ ಸುತ್ತಿಗೂ ಕ್ಷಣಕಾಲ ತಡೆಯುತ್ತಾಳೆ. ಹತ್ತು ಸುತ್ತಿಗೆ 10.4.

ಚಿತ್ರ ಬಿಡಿಸಿಯೇ ಆನಿಮೇಶನ್ ಮಾಡುವವರ ವಿಷಯ ಬಂತು. ಅವರಿಗೆ ನಡುವಿನ ಭಂಗಿ ತುಂಬುವ ಸವಲತ್ತಿಲ್ಲ. 0.4ನೆಯ ಚಿತ್ರವನ್ನು ಯಾರೂ ಬರೆದಿಲ್ಲ. ಹಾಗಾಗಿ ಸೆಕೆಂಡಿಗೆ 24 ಹೊಸ ಚಿತ್ರ ಬರೆದವರು 60ರ ತೆರೆಯಲ್ಲಿ ಮೂರು-ಎರಡರ ಜರ್ಕನ್ನು ಅನುಭವಿಸಲೇಬೇಕು. ತಮಾಷೆಯೆಂದರೆ, ಕಡಿಮೆ ಶ್ರಮ ಪಟ್ಟವರಿಗೆ ಇಲ್ಲಿ ಲಾಭ. ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮು ಹಿಡಿಯುವ ಪದ್ಧತಿ ಆನಿಮೇಶನ್ನಿನಲ್ಲಿ ಬಹಳ ಹಳೆಯದು. ಆಗ ಸೆಕೆಂಡಿಗೆ 12 ಚಿತ್ರ. ಅರವತ್ತನ್ನು ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ ಐದು. ಪ್ರತಿ ಚಿತ್ರಕ್ಕೂ ಐದು ಟಿಕ್, ಯಾರಿಗೂ ಅನ್ಯಾಯವಿಲ್ಲ. ಚಿತ್ರಗಳು ಅರ್ಧಕ್ಕರ್ಧ ಕಡಿಮೆಯಿದ್ದರೂ ಚಲನೆಯ ಲಯ ಹೆಚ್ಚು ಸಮವಾಗಿ ಕಾಣುತ್ತದೆ.

ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಮೂರು ಆಯಾಮದ ಬೊಂಬೆಯನ್ನೂ ಬೇಕೆಂದೇ ಹೀಗೆ ಹಿಡಿದು ಹಿಡಿದು ನಡೆಸುವ ಶೈಲಿಯುಂಟು. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಹೊಸಬನಾದ ಮೈಲ್ಸ್ ಮೊದಮೊದಲು ಎರಡೆರಡು ಫ್ರೇಮಿಗೊಮ್ಮೆ ಚಲಿಸುತ್ತಾನೆ. ಅವನ ಅನನುಭವ ಕಾಣಲಿ ಎಂದು. ಇಂಥದ್ದನ್ನು ಗೇಮಿಗೆ ತಂದಾಗ ಎಂಜಿನ್ ಉಪಕಾರ ಮಾಡಲು ಹೋಗಿ ನಡುವಿನ ಭಂಗಿಗಳನ್ನೆಲ್ಲ ತುಂಬಿದರೆ ಆ ಶೈಲಿ ಎಣ್ಣೆ ಸವರಿದಂತಾಗಿ ಸತ್ತುಹೋಗುತ್ತದೆ. ಜಪಾನಿನ ಆರ್ಕ್ ಸಿಸ್ಟಂ ವರ್ಕ್ಸ್ ಕಂಪನಿಯ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ ಎಂಬ 2014ರ ಹೊಡೆದಾಟದ ಆಟವನ್ನು ನೋಡಿ. ಆಟ ಓಡುವುದು 60ರಲ್ಲಿ, ಬೊಂಬೆಗಳು ಮೂರು ಆಯಾಮದವು, ಆದರೆ ನಡುವಿನ ಭಂಗಿ ತುಂಬುವುದನ್ನು ಅವರು ಬಿಟ್ಟೇಬಿಟ್ಟರು. ಒಂದೊಂದು ಭಂಗಿಯನ್ನೂ ಕೈಯಿಂದ ಕೂರಿಸಿ, ಅದು ತೆರೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ತಾವೇ ತೀರ್ಮಾನಿಸಿದರು. ಆಟ ಕೈಯಿಂದ ಬರೆದ ಜಪಾನಿ ಕಾರ್ಟೂನಿನಂತೆ ಕಾಣುತ್ತದೆ. ತಡೆದು ನಿಲ್ಲುವುದೇ ದೋಷವಲ್ಲ. ಯಾರೂ ಬಯಸದೆ, ಭಾಗಾಕಾರದ ಶೇಷವಾಗಿ ಬಂದ ತಡೆ ದೋಷ.

ಹಾಗಾದರೆ ತೆರೆಯ ಮೇಲೆ ಜರ್ಕು ಕಂಡಾಗ ಅದು ಯಾವುದು ಎಂದು ತಿಳಿಯುವುದು ಹೇಗೆ? ಆಟವನ್ನು 60ರಲ್ಲೇ ರೆಕಾರ್ಡ್ ಮಾಡಿ, ಆ ವಿಡಿಯೊವನ್ನು ಒಂದೊಂದೇ ಫ್ರೇಮಾಗಿ ಸರಿಸುತ್ತ ಭಂಗಿ ಬದಲಾಗದೆ ನಿಂತ ಕಡೆಗಳನ್ನು ಎಣಿಸಿ. ಮೂರು, ಎರಡು, ಮೂರು, ಎರಡು ಎಂದು ಬಂದರೆ 24ನ್ನು ಪೂರ್ಣಾಂಕಕ್ಕೆ ಕತ್ತರಿಸಲಾಗಿದೆ. ಐದೈದೇ ಬಂದರೆ ಅದು 12ರ ಶೈಲಿ, ಆನಿಮೇಟರನ್ನು ಕೇಳದೆ ಮುಟ್ಟಬೇಡಿ. ಪ್ರತಿ ಸುತ್ತಿನ ಕೊನೆಯಲ್ಲಿ ಮಾತ್ರ ತಡೆದರೆ ಅಥವಾ ಎಗರಿದರೆ 25ನೆಯ ಫ್ರೇಮಿನ ತಕರಾರು. ಐದು ಹೊಸ ಭಂಗಿ ಬಂದು ಆರನೆಯದು ಹಳೆಯದೇ ಆಗಿದ್ದರೆ 24ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಯೂನಿಟಿಯಲ್ಲಿ ಭೌತಶಾಸ್ತ್ರದ ಲೆಕ್ಕ ನಡೆಯುವುದು ಸೆಕೆಂಡಿಗೆ 50 ಸಲ, ಯಾರೋ ಆನಿಮೇಶನ್ನನ್ನು ಅದರ ಬಾಲಕ್ಕೆ ಕಟ್ಟಿದ್ದಾರೆ. ಯಾವ ಕ್ರಮವೂ ಇಲ್ಲದೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಹುಡುಗಿಯ ಜೊತೆಗೆ ಮರ ಗಿಡ ರಸ್ತೆ ಎಲ್ಲವೂ ಒಟ್ಟಿಗೆ ನಿಂತರೆ ಆಗ ಮಾತ್ರ ಕಂಪ್ಯೂಟರ್ ಸಾಲುತ್ತಿಲ್ಲ ಎನ್ನಿ. ಹತ್ತು ನಿಮಿಷದ ಈ ಎಣಿಕೆ ಮಾಡದೆ ಆನಿಮೇಶನ್ ಸೆಟ್ಟಿಂಗುಗಳನ್ನು ತಿರುಚುವುದರಲ್ಲಿ ಅರ್ಥವಿಲ್ಲ.

ಹೊಸ ಫೋನುಗಳು ಮತ್ತು ಮಾನಿಟರುಗಳು 120ರ ತೆರೆಯೊಂದಿಗೆ ಬರುತ್ತಿವೆ. ನೂರಿಪ್ಪತ್ತಕ್ಕೆ 24 ಸರಿಯಾಗಿ ಐದು ಸಲ ಹೋಗುತ್ತದೆ, ಅಲ್ಲಿ ಈ ಜರ್ಕು ತಾನಾಗಿಯೇ ಮಾಯ, ಬೆಸ ಸಂಖ್ಯೆಯ ಫ್ರೇಮುಗಳೂ ದರ್ಶನ ಕೊಡುತ್ತವೆ. ಆದರೆ 90ರ ಫೋನುಗಳೂ ಅಷ್ಟೇ ಇವೆ, ಅಲ್ಲಿ ಭಾಗಲಬ್ಧ ಮೂರೂಮುಕ್ಕಾಲು. ಆಡುವವರ ಕೈಯಲ್ಲಿ ಯಾವ ತೆರೆ ಇರುತ್ತದೆಂದು ಮೊದಲೇ ಹೇಳಲಾಗದು.

ನನ್ನ ಮಟ್ಟಿಗೆ ತೀರ್ಪು ಸರಳ. ಕೆಲಸ ಗೇಮಿಗಷ್ಟೇ ಎಂದು ಗೊತ್ತಿದ್ದರೆ 24ರಲ್ಲಿ ಶುರುಮಾಡುವುದಕ್ಕೆ ಅಭ್ಯಾಸಬಲ ಬಿಟ್ಟು ಬೇರೆ ಕಾರಣವಿಲ್ಲ. ಬ್ಲೆಂಡರ್ ತೆರೆದೊಡನೆ, ಮೊದಲ ಕೀ ಇಡುವುದಕ್ಕೆ ಮುಂಚೆ, ಆ ಸಂಖ್ಯೆಯನ್ನು 30 ಮಾಡಿ. ಹೊಡೆದಾಟದ ಆಟವಾದರೆ 60 ಮಾಡಿ. ಒಂದೇ ನಡಿಗೆ ಸಿನಿಮಾಕ್ಕೂ ಗೇಮಿಗೂ ಬೇಕಾದರೆ 24 ಇರಲಿ, ಆದರೆ ತಾಗುವ, ಬೀಳುವ, ಒದೆಯುವ ಭಂಗಿಗಳನ್ನು ಒಂದೇ ಫ್ರೇಮಿಗೆ ಒಪ್ಪಿಸಿ ಬಿಡಬೇಡಿ, ಎರಡು ಫ್ರೇಮು ನಿಲ್ಲಿಸಿ. ಕಡತದ ಹೆಸರಿನಲ್ಲೇ ಅದರ ಫ್ರೇಮಿನ ಸಂಖ್ಯೆಯನ್ನು ಬರೆದಿಡಿ, ಅದನ್ನು ತೆರೆಯುವ ಪ್ರೋಗ್ರಾಮರ್ ನಿಮ್ಮನ್ನು ಹುಡುಕಿಕೊಂಡು ಬರುವುದು ತಪ್ಪುತ್ತದೆ.